ಬೆನ್ನಿಗೆ ಗುದ್ದು ಬೀಳದ ಹೆಸರು

ನಿಪ್ಪಾಣಿಯ ಮೊಬೈಲ್ ಅಂಗಡಿಯವನು ನನ್ನ ಬೆರಳನ್ನು ಆ ಪುಟ್ಟ ಯಂತ್ರದ ಮೇಲೆ ಒತ್ತಿಸಿ ಒತ್ತಿಸಿ ಸೋತ. ಹೆಬ್ಬೆರಳಾಯಿತು, ತೋರುಬೆರಳಾಯಿತು, ಎಡಗೈ ಆಯಿತು. ಯಂತ್ರ ಒಪ್ಪಲೇ ಇಲ್ಲ.

"ಆಯಿ, ನಿಮ್ಮ ಬೆರಳಾಗ ಗೆರೀನ ಉಳದಿಲ್ರಿ," ಎಂದ.

ಉಳಿಯುವುದೆಲ್ಲಿಂದ? ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬೀಡಿ ಕಟ್ಟಿದವಳು ನಾನು. ಎಲೆ ಸುತ್ತಿ, ತುದಿ ಮಡಚಿ, ದಾರ ಬಿಗಿದು ಬೆರಳ ತುದಿಗಳೆಲ್ಲ ಸವೆದು ಗಟ್ಟಿಯಾಗಿವೆ. ಕೊನೆಗೆ ಸಿಮ್ ಮಗನ ಹೆಸರಿನಲ್ಲಿ ಬಂತು. ಫೋನು ಮಾತ್ರ ನನ್ನದು. ಜರ್ಮನಿಯಲ್ಲಿ ನರ್ಸ್ ಆಗಿರುವ ಮೊಮ್ಮಗಳು ಅಲ್ಲಿಂದಲೇ ಆರ್ಡರ್ ಮಾಡಿ ನನ್ನ ಹೆಸರಿಗೆ ಕಳಿಸಿದ್ದಳು.

ಅವಳು ನನ್ನ ಮಗಳ ಮಗಳು. ಮಗಳು ತೀರಿಹೋದ ಮೇಲೆ ನನ್ನ ಮಡಿಲಲ್ಲೇ ಬೆಳೆದವಳು. ಈಗ ಅವಳಿಗೇ ಹೆಣ್ಣುಕೂಸು ಹುಟ್ಟಿತ್ತು. ಹುಟ್ಟಿದ ಸುದ್ದಿಯನ್ನು ನಾನು ಮಗನ ಫೋನಿನಲ್ಲಿ ಕೇಳಿದೆ. ಅವನು ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ. ಮನೆ ತುಂಬ ಜನ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳಿಗ್ಗೆ ಎಲ್ಲರೂ ಓಡುತ್ತಾರೆ, ಸಂಜೆ ಎಲ್ಲರೂ ದಣಿದು ಬರುತ್ತಾರೆ. ನಡುವಿನ ಹಗಲೆಲ್ಲ ನನ್ನೊಬ್ಬಳದೇ. ಅದು ಎಷ್ಟು ಉದ್ದ ಇರುತ್ತದೆ ಎಂಬುದು ಕೂತವರಿಗೇ ಗೊತ್ತು.

ಆ ಫೋನಿನಲ್ಲೇ ಮೊಮ್ಮಗಳು ದನಿ ತಗ್ಗಿಸಿ ಅಂದಿದ್ದಳು: "ಆಯಿ, ಕೂಸಿನ ಕಿವ್ಯಾಗ ಕುರ್ರ್ ಅಂತ ನೀನ ಹೆಸರ ಹೇಳಬೇಕ. ಇಲ್ಲಿ ನನಗ ಯಾರ ಅದಾರ? ಇವ್ರು ಕೇರಳದವ್ರು, ಇದೆಲ್ಲ ಗೊತ್ತಿಲ್ಲ." ಹೆಸರನ್ನೂ ಹೇಳಿದಳು. "ಅಲ್ಲೀತನಕ ಯಾರ ಮುಂದೂ ಅನಬ್ಯಾಡ."

ನಮ್ಮ ಕಡೆ ತೊಟ್ಟಿಲಿನ ದಿನ ಕೂಸಿನ ಸೋದರತ್ತೆ ಬಗ್ಗಿ, ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ನಗು, ಕೂಗು, ಆಮೇಲೆ ಗುಗ್ಗರಿ. ಆದರೆ ಗಂಡ ಸತ್ತವಳು ತೊಟ್ಟಿಲ ಹತ್ತಿರ ಬರುವಂತಿಲ್ಲ. ಈ ಮೊಮ್ಮಗಳ ಹೆಸರಿಡುವ ದಿನ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಗುದ್ದಿನ ಸದ್ದನ್ನಷ್ಟೇ ಕೇಳಿದ್ದೆ. ಹೆತ್ತ ಮಗಳ ಕೂಸು, ನಾನು ಬಾಗಿಲ ಹಿಂದೆ!

ಅದಕ್ಕೇ ಈ ಕುರ್ರ್ ನನಗೆ ಬೇಕೇ ಬೇಕಾಗಿತ್ತು. ಯಾರನ್ನೂ ಕರೆಯಲಿಲ್ಲ. ಓಣಿಯ ಹೆಂಗಸರು "ಅಯ್ಯ, ಮುತ್ತೈದೇರು ಯಾರೂ ಸಿಗಲಿಲ್ಲೇನ ಬೇ?" ಎಂದು ಬಿಡುವವರೇ. ಸೊಸೆ ಕೆಟ್ಟವಳಲ್ಲ, ಆದರೆ ಅವಳಿಗೂ ಹೇಳಲು ಧೈರ್ಯ ಬರಲಿಲ್ಲ.

ಫೋನು ಹೇಗೆ ಎತ್ತಬೇಕೆಂದು ಸೊಸೆಯೇ ಕಲಿಸಿದ್ದಳು. ಹಸಿರು ಗುಂಡಿ ಕುಣಿಯುತ್ತದೆ, ಅದನ್ನು ಒತ್ತಿ ಹಿಡಿದು ಮೇಲಕ್ಕೆ ಎಳೆಯಬೇಕು. ಅವಳು ಎಳೆದರೆ ಬರುತ್ತದೆ, ನಾನು ಎಳೆದರೆ ಬರುವುದಿಲ್ಲ. ಅಂಗಡಿಯವನನ್ನು ಕೇಳಿದರೆ, ಗಾಜಿಗೆ ತೊಗಲಿನ ಹಸಿ ತಾಕಬೇಕಂತೆ, ನನ್ನ ತೊಗಲು ಒಣಗಿ ದಪ್ಪ ಆಗಿದೆಯಂತೆ. ಮೇಲೆ ಹಚ್ಚಿದ್ದ ದಪ್ಪ ಗಾಜಿನ ಹಾಳೆ ಕಿತ್ತು ಹಾಕಿ, "ಬೆರಳಿಗೆ ಸ್ವಲ್ಪ ನೀರ ಹಚ್ಕೊಳ್ರಿ" ಎಂದ. ಹಚ್ಚಿದೆ. ಒಮ್ಮೆ ಬಂದರೆ ಎರಡು ಸಲ ಇಲ್ಲ. ಸುಡುಗಾಡು ಫೋನು, ಬಡವರ ಬೆರಳನ್ನು ಗುರುತಿಸುವುದೇ ಇಲ್ಲ!

ಹದಿಮೂರನೆಯ ದಿನ, ಹೆಸರಿಡುವ ದಿನ ಬಂತು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಒಂದು ಹಿಡಿ ಕಡಲೆಯ ಗುಗ್ಗರಿ ಮಾಡಿದೆ. ಇಲ್ಲಿ ಮಧ್ಯಾಹ್ನ ಎಂದರೆ ಅಲ್ಲಿ ಬೆಳಿಗ್ಗೆ. ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಬಳಿ ಕುಳಿತು, ಫೋನನ್ನು ಡಬ್ಬಿಗೆ ಆನಿಸಿಟ್ಟು, ಪಕ್ಕದಲ್ಲಿ ಬಟ್ಟಲ ತುಂಬ ನೀರಿಟ್ಟುಕೊಂಡೆ.

ಫೋನು ಹೊಡೆದುಕೊಂಡಿತು. ಮೊಮ್ಮಗಳ ಫೋಟೊ, ಕೆಳಗೆ ಕುಣಿಯುವ ಹಸಿರು. ಗಡಿಬಿಡಿಯಲ್ಲಿ ಇಡೀ ಬೆರಳನ್ನೇ ನೀರಿಗೆ ಅದ್ದಿಬಿಟ್ಟೆ. ಗಾಜಿನ ಮೇಲೆ ಹನಿ ಬಿದ್ದವು. ಈಗ ಯಾವುದು ಹನಿ, ಯಾವುದು ಬೆರಳು ಎಂಬುದೇ ಅದಕ್ಕೆ ತಿಳಿಯದಾಯಿತು. ಎಳೆದೆ, ಎಳೆದೆ. ನಿಂತುಹೋಯಿತು. ಸೆರಗಿನಿಂದ ಗಾಜು ಒರೆಸುವಷ್ಟರಲ್ಲಿ ಮತ್ತೆ ಬಂತು. ಒಣಗಿದ ಬೆರಳಿಗೆ ಅದು ಜಗ್ಗಲಿಲ್ಲ. ಅದೂ ನಿಂತಿತು. ಅವಳು ಬೇಸತ್ತು ಬಿಟ್ಟರೆ? ಕೂಸು ಮಲಗಿಬಿಟ್ಟರೆ? ಈ ಸಲವೂ ಬಾಗಿಲ ಹಿಂದೆಯೇ ಉಳಿದೆನಲ್ಲ! ಬೆರಳು ಕಚ್ಚಿ ಅತ್ತೆ.

ಮೂರನೆಯ ಸಲ ಬಂದಾಗ ಸಿಟ್ಟು ಬಂತು. ಮುಷ್ಟಿ ಕಟ್ಟಿ ಕಿರುಬೆರಳ ಗೆಣ್ಣಿನಿಂದ ಎಳೆದೆ. ಬೀಡಿ ಕಟ್ಟದ ಜಾಗ ಅದು, ಮೆತ್ತಗಿದೆ. ಹಸಿರು ಗುಂಡಿ ಸರ್ರನೆ ಮೇಲೆ ಹೋಯಿತು!

ಅಭ್ಯಾಸಬಲ, ಕೂಡಲೇ ಫೋನೆತ್ತಿ ಕಿವಿಗೆ ಹಿಡಿದೆ.

"ಆಯಿ, ನಿನ್ನ ಕಿವಿ ಅಷ್ಟ ಕಾಣಾಕತ್ತೈತಿ. ಮುಂದ ಹಿಡಿ!"

ಹಿಡಿದೆ. ಮೂಲೆಯ ಸಣ್ಣ ಚೌಕದಲ್ಲಿ ಅತ್ತ ಮುಖದ ಮುದುಕಿ, ದೊಡ್ಡದರಲ್ಲಿ ನನ್ನ ಹುಡುಗಿ. ಸೊರಗಿದ್ದಳು. "ಯಾಕ ಅಳಾಕತ್ತೀದಿ ಬೇ?" ಎಂದಳು. ತುಟಿ ಅಲುಗಿ ಸ್ವಲ್ಪ ಹೊತ್ತಿಗೆ ಮಾತು ಬರುತ್ತಿತ್ತು. ಆಮೇಲೆ ಚಿತ್ರ ತಿರುಗಿ ಬಿಳಿ ದುಪ್ಪಟಿಯ ಮೇಲೆ ಕೂಸು ಕಂಡಿತು. ಕೆಂಪು ಮುಷ್ಟಿ, ತಲೆ ತುಂಬ ಕೂದಲು. ಕಣ್ಣು ಮುಚ್ಚಿತ್ತು. ನನ್ನ ಮಗಳದೇ ಹಣೆ, ಅದೇ ಹಣೆ.

"ಫೋನ ಕಿವಿಗೆ ಹಿಡೀತೀನಿ. ಹೇಳ ಆಯಿ."

ಫೋನು ಕೂಸಿನ ಕಿವಿಗೆ ಹೋಯಿತು. ಪರದೆ ಕಪ್ಪಾಯಿತು. ಕೆಟ್ಟುಹೋಯಿತು ಅಂದುಕೊಂಡೆ. ಆಮೇಲೆ ಉಸಿರು ಕೇಳಿಸಿತು, ಸಣ್ಣಗೆ, ಪುಸುಪುಸು. ಕೆನ್ನೆಗೆ ಆನಿಸಿದರೆ ಕ್ಯಾಮೆರಾಕ್ಕೆ ಕಾಣುವುದಾದರೂ ಏನು? ನಾನು ಬಗ್ಗಿದೆ. ತೊಟ್ಟಿಲಿಗೆ ಬಗ್ಗುವ ಹಾಗೆಯೇ ಬಗ್ಗಿ, ಆ ಕತ್ತಲಿಗೆ ತುಟಿ ಹಚ್ಚಿ "ಕುರ್ರ್" ಎಂದೆ. ಹೆಸರು ಹೇಳಿದೆ. ಮತ್ತೊಮ್ಮೆ ಕುರ್ರ್, ಮತ್ತೊಮ್ಮೆ ಹೆಸರು.

"ಆಯಿ, ಕೇಳಿತ ನೋಡ, ಕಣ್ಣ ತಗದಾಳ! ನೋಡ..." ಎಂದಳು ಮೊಮ್ಮಗಳು. ಫೋನು ಕಿವಿಯಿಂದ ಸರಿದು ಬೆಳಕಾಗುವಷ್ಟರಲ್ಲಿ ಚಿತ್ರ ಅಲ್ಲೇ ಗಟ್ಟಿಯಾಗಿ ನಿಂತಿತು. ಒಂದು ಮುಷ್ಟಿ, ಅರ್ಧ ಕೆನ್ನೆ. ಗುಂಡಗೆ ಏನೋ ತಿರುಗಿತು, ತಿರುಗುತ್ತಲೇ ಇತ್ತು, ಕಾಲ್ ಕಟ್ಟಾಯಿತು. ಆ ಕಣ್ಣು ನಾನು ನೋಡಲಿಲ್ಲ. ಮರಳಿ ಫೋನು ಮಾಡಲು ನನ್ನ ಗೆಣ್ಣಿಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಮಾತು ದನಿಯ ಮೆಸೇಜಾಗಿ ಬಂದಿತ್ತಂತೆ, ಅದೂ ಸಂಜೆ ಸೊಸೆ ಒತ್ತಿ ಕೇಳಿಸಿದಾಗಲೇ ತಿಳಿದದ್ದು: "ಆಯಿ, ನೆಟ್ ಹೋತು. ಕೂಸ ಮಲಗೇತಿ. ನಾಳಿ ಮಾಡ್ತೇನಿ."

ಸೊಸೆ ಗುಗ್ಗರಿಯ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. "ಇದ್ಯಾಕ ಮಾಡೀರಿ ಅತ್ತಿ, ಇವತ್ತೇನೈತಿ?"

"ಸುಮ್ನ. ತಿನ್ನ್ ಬೇ," ಎಂದೆ.

ಆದರೆ ಮಧ್ಯಾಹ್ನ, ಪರದೆ ಆರಿದ ಮೇಲೂ ನಾನು ಬಗ್ಗಿಯೇ ಕೂತಿದ್ದೆ. ಹೆಸರು ಹೇಳಿದವಳ ಬೆನ್ನಿಗೆ ಗುದ್ದು ಬೀಳಬೇಕಲ್ಲ, ಅದಕ್ಕೆ.