ಐವತ್ತು ಕೆಬಿಯೊಳಗ ರೋಹಿಣಿ ಮಾರಿ

ಸಂಶಿಯ ಬಸ್ ನಿಲ್ದಾಣದ ಬಾಜೂಕ ಸಂಗನಬಸವನ ಫೋಟೋ ಸ್ಟುಡಿಯೋ. ಅದರ ಮೆಟ್ಟಿಲು ಹತ್ತಿ ಇಳಿದವರು ಯಾರೂ ಕರ್ರಗೆ ಉಳಿದಿಲ್ಲ, ಯಾರಿಗೂ ವಯಸ್ಸಾಗಿಲ್ಲ. ದೇವರು ಅವಸರದಾಗ ಮಾಡಿ ಬಿಟ್ಟ ಮಾರಿಗಳನ್ನು ಸಂಗನಬಸವ ಸಾವಕಾಶ ಕುಂತು ತಿದ್ದುತ್ತಿದ್ದ. ಮೊಡವಿ, ಸಿಡುಬಿನ ಕಲಿ, ಬಿಸಿಲಿಗೆ ಸುಟ್ಟ ಗಲ್ಲ, ಎಲ್ಲಾ ಒಂದೇ ಬಳಿತಕ್ಕೆ ಮಾಯ. ಮಾರಿಯ ಹಿಂದೆ ಗುಲಾಬಿ ತೋಟ ಹಚ್ಚದಿದ್ದರಂತೂ ಆವತ್ತು ಉಂಡ ಅನ್ನ ಅವನಿಗೆ ಅರಗುತ್ತಿರಲಿಲ್ಲ.

ಸಾವಿತ್ರೆವ್ವನ ಗಂಡ ಶಂಕ್ರಪ್ಪ ತೀರಿಕೊಂಡಾಗ ಗೋಡೆಗೆ ಹಾಕುವ ಫೋಟೋ ಮಾಡಿಕೊಟ್ಟವನೂ ಇವನೇ. ಎರಿ ಹೊಲದಾಗ ಧೋತ್ರ ಮೊಣಕಾಲಿಗೆ ಕಟ್ಟಿ ಬದುಕಿದ ಆ ಮನುಷ್ಯನಿಗೆ ಕೋಟು ತೊಡಿಸಿ, ಟೈ ಬಿಗಿದು, ತುಟಿಗೆ ಒಂಚೂರು ಕೆಂಪು ಹಚ್ಚಿದ್ದ. ಮಣ್ಣಿಗೆ ಬಂದಿದ್ದ ಬೀಗರು ಫೋಟೋ ನೋಡಿ, ಇವರು ಯಾವ ಊರಿನ ಸಾಹೇಬರು ಅಂತ ಕೇಳಿದ್ದರು. ಸಾವಿತ್ರೆವ್ವ ಮಾತ್ರ ಅಗದಿ ಖುಷಿಯಾಗಿದ್ದಳು. ಬದುಕಿದ್ದಾಗ ಒಂದು ದಿನ ನೆಟ್ಟಗೆ ಅಂಗಿ ಹಾಕಲಿಲ್ಲ, ಸತ್ತಾದರೂ ಹಾಕಿದ ಅಂತ.

ಸ್ಟುಡಿಯೋದಾಗ ಈಗ ಆನ್‌ಲೈನ್ ಅರ್ಜಿ ತುಂಬುವ ಕೆಲಸವೂ ನಡೀತದೆ. ಸರ್ಕಾರಕ್ಕೂ ತನ್ನ ಕೈಗುಣದ ಅವಶ್ಯಕತೆ ಬಿದ್ದಿದೆ ಅಂತ ಸಂಗನಬಸವ ತಿಳಿದಿದ್ದ.

ಆ ದಿನ ಮಧ್ಯಾಹ್ನ ಸಾವಿತ್ರೆವ್ವ ಸೊಸೆ ರೋಹಿಣಿಯನ್ನು ಕರಕೊಂಡು ಬಂದಳು. ರೋಹಿಣಿ ಸೆರಗಿನಿಂದ ಅರ್ಧ ಮಾರಿ ಮುಚ್ಚಿಕೊಂಡಿದ್ದಳು. ಅವರ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿದ್ದರು, ಅರ್ಜಿಗೆ ಅವತ್ತು ಸಂಜೆಯೇ ಕಡೆ. ಹೋದ ಸಲ ಹುಬ್ಬಳ್ಳಿಯಲ್ಲಿ ಯಾರ ಕಡೆಯೋ ತುಂಬಿಸಿದ್ದಕ್ಕೆ ‘ಭಾವಚಿತ್ರದಲ್ಲಿ ಮುಖ ಸ್ಪಷ್ಟವಿಲ್ಲ’ ಅಂತ ಅರ್ಜಿ ಬಿದ್ದು ಹೋಗಿತ್ತು. ಆಗ ಆಯ್ಕೆಯಾದಾಕೆ ಲಗ್ನವಾಗಿ ಬಿಟ್ಟು ಹೋದದ್ದಕ್ಕೆ ಆ ಜಾಗ ಮತ್ತೆ ತೆರವಾಗಿತ್ತು. ಈ ಸಲವೂ ತಪ್ಪಿದರೆ ಆ ಜಾಗಕ್ಕೆ ಬರುವಾಕೆ ಮುದುಕಿಯಾಗುವ ತನಕ ಏಳುವುದಿಲ್ಲ.

“ಸೆರಗು ತಗಿರಿ, ಈಗೊಂದು ಹೊಸಾದು ಹೊಡದು ಬಿಡ್ತೇನಿ” ಅಂದ ಸಂಗನಬಸವ.

ರೋಹಿಣಿ ಸೆರಗು ತೆಗೆದಳು. ಕಟ್ಟಿಗೆ ತರಲು ಹೋದಾಗ ಜೇನು ಕಡಿದು ಎಡಗಣ್ಣು ಬದನೆಕಾಯಿಯಾಗಿ ಮುಚ್ಚಿತ್ತು.

“ಇದನ್ನ ತಿದ್ದತೀಯೇನಪಾ?” ಕೇಳಿದಳು ಸಾವಿತ್ರೆವ್ವ.

“ಸತ್ತವರ ಕಣ್ಣು ತಗಸೇನಿ ಬೇ ದೊಡ್ಡವ್ವ. ಆದ್ರ ಇದು ಅರ್ಜಿ. ಹೋದ ತಿಂಗಳ ಮದುವಿಗೆ ಹೋಗೂಮುಂದ ತಗಸಿದ್ದು ಐತೆಲ್ಲ, ಅದನ್ನ ಹಾಕೂಣು.”

ಆ ಫೋಟೋ ಅವನ ಜನ್ಮದ ಸಾಧನೆ. ಇಳಕಲ್ ಸೀರೆ ಉಟ್ಟ ರೋಹಿಣಿ, ಸುತ್ತ ತುಂಬಾ ಗುಲಾಬಿ. ಮೈಮೇಲಿನ ಜರಿ ಒಂದೊಂದು ಎಳಿಯೂ ಮಿಂಚುವಂತೆ ಚೂಪು ಮಾಡಿದ್ದ. ಮಾರಿಯನ್ನು ಮಾತ್ರ ಹಾಲಿನ ಕೆನಿಯಷ್ಟು ನುಣುಪು ಮಾಡಿ, ಹುಬ್ಬಿನ ಮ್ಯಾಲಿನ ಕರಿ ಮಚ್ಚಿಯನ್ನೂ ಅಳಿಸಿದ್ದ.

ರೋಹಿಣಿಯ ಫೋನಿನಾಗ ಇದ್ದ ಪ್ರತಿಯನ್ನೇ ಕಂಪ್ಯೂಟರಿಗೆ ಇಳಿಸಿ ಅರ್ಜಿಗೆ ಏರಿಸಿದ. ಪರದೆ ಕೆಂಪಾಯಿತು. ಫೋಟೋ ಐವತ್ತು ಕೆಬಿಯೊಳಗೆ ಇರಬೇಕು.

“ಇಷ್ಟ ಅಲ್ಲೇನ್ರಿ” ಅಂದು ಸಂಗನಬಸವ ಫೋಟೋ ಉಳಿಸುವಾಗ ಪರದೆ ಮೇಲಿನ ಗುಣಮಟ್ಟದ ಗೀಟನ್ನು ತಳಕ್ಕೆ ಎಳೆದ. ಐವತ್ತರೊಳಗೆ ಕೂತಿತು. ತೆರೆದು ನೋಡಿದರೆ ರೋಹಿಣಿಯ ಮಾರಿ ಚೌಕು ಚೌಕು ಒಡೆದು, ಹಾಸುಗಲ್ಲು ಹಾಕಿದ ಅಂಗಳದಂತೆ ಆಗಿತ್ತು. ಅದನ್ನೇ ಮತ್ತೆ ತೆರೆದು ಚೂಪು ಮಾಡಿದ. ಫೋಟೋದ ಕೆಬಿ ತೂಕ ಏರಿತು. ಮತ್ತೆ ತಳಕ್ಕೆ ಎಳೆದು ಅದರ ಮೇಲೆಯೇ ಉಳಿಸಿದ. ಪ್ರತಿ ಸಲ ಉಳಿಸಿದಾಗಲೂ ಮಾರಿ ಒಂದಷ್ಟು ಸವೆಯುತ್ತಿತ್ತು, ಒಗಣಿ ಕಲ್ಲಿಗೆ ಬಡಿದು ಬಡಿದು ಬಣ್ಣ ಬಿಟ್ಟ ಕುಬಸದಂತೆ.

“ಮೂಗು ಎಲ್ಲಿ ಹೋತು?” ಅಂದಳು ಸಾವಿತ್ರೆವ್ವ, ಕನ್ನಡಕ ಒರೆಸುತ್ತ.

“ಐತಿ ದೊಡ್ಡವ್ವ, ದೂರ ಸರದು ನೋಡ್ರಿ.”

“ಅರ್ಜಿ ನೋಡೂ ಸಾಹೇಬನೂ ಬಾಗಿಲದಾಗ ನಿಂತು ನೋಡಬೇಕೇನೋ?”

ರೋಹಿಣಿ ಒಂದೇ ಕಣ್ಣಿನಿಂದ ಪರದೆ ನೋಡುತ್ತಿದ್ದಳು. “ಅಣ್ಣಾರ, ಹೂವು ಅರ್ಜಿ ಹಾಕಾಕತ್ತಾವೇನ್ರಿ? ನನ್ನ ಕಣ್ಣಿಗಿಂತ ಅವ ಛಂದ ಕಾಣಾಕತ್ತಾವ.”

ಸಂಗನಬಸವನಿಗೆ ಇದು ತಿಳಿಯದ್ದೇನಲ್ಲ, ಮನಸ್ಸಿಗೆ ತಂದುಕೊಂಡಿರಲಿಲ್ಲ ಅಷ್ಟೇ. ಐವತ್ತು ಕೆಬಿ ಅಂದರೆ ಸಣ್ಣದೊಂದು ಹೊಲ. ಒಂದೊಂದು ಗುಲಾಬಿ ಎಸಳು, ಜರಿಯ ಒಂದೊಂದು ಎಳಿ ಅದರಾಗ ಪಾಲು ಕೇಳುತ್ತದೆ. ಅಣ್ಣತಮ್ಮಂದಿರು ಹಂಚಿಕೊಂಡು ಉಳಿದ ಬದುವಿನಷ್ಟು ಜಾಗ ಮಾರಿಗೆ ಸಿಕ್ಕಿತ್ತು. ಅದರ ಮ್ಯಾಲೆ ಫೋಟೋ ಅಳತೆ ಗೋಡೆಗೆ ಹಾಕುವಷ್ಟು ದೊಡ್ಡದೇ ಇತ್ತು. ಅಳತೆ ಇಳಿಸಿದರೆ ಮಾರಿ ಸಣ್ಣದಾಗುತ್ತದೆ ಅಂತ ಅವನು ಅದನ್ನು ಮುಟ್ಟಿರಲಿಲ್ಲ. ಅರ್ಜಿಯಲ್ಲಿ ಫೋಟೋಕ್ಕೆ ಕೊಟ್ಟ ಚೌಕ ಹೆಬ್ಬೆಟ್ಟಿನಷ್ಟು.

“ಗುಲಾಬಿ ತಗದರ ಫೋಟೋ ಬೋಳು ಕಾಣತೈತ್ರಿ” ಅಂದ ಕಡೆಯ ಆಸೆಯಿಂದ.

“ನನಗ ನೌಕರಿ ಬೇಕಾಗೇತ್ರಿ, ಗಂಡಲ್ಲ. ಗಂಡ ಇದ್ದಾನ, ಮನ್ಯಾಗ ಮಲಗ್ಯಾನ.”

ಸಾವಿತ್ರೆವ್ವ ಬಾಗಿಲ ಕಡೆ ತಿರುಗಿದಳು. ಮಗ ಪ್ರಭು ದುಡಿಯದೆ ಹಗಲೆಲ್ಲ ಮಲಗುವುದು ಊರಿಗೆಲ್ಲ ಗೊತ್ತಿದ್ದ ಸಂಗತಿಯೇ.

ಸಂಗನಬಸವ ಸವೆದು ಹೋದ ಪ್ರತಿಯನ್ನು ಮುಚ್ಚಿದ. ಕಂಪ್ಯೂಟರಿನಾಗ ತಾನು ತಿದ್ದುವಾಗ ಇಟ್ಟಿದ್ದ ಮೂಲ ಕಡತ ತೆಗೆದ. ಗಿರಾಕಿಗಳು ಗುಲಾಬಿ ಬ್ಯಾಡ, ಜಲಪಾತ ಹಾಕು ಅಂತ ಮನಸ್ಸು ಬದಲಿಸುವುದರಿಂದ ಹಿಂದಿನ ತೋಟ ಬೇರೆ ಪದರ, ಮಾರಿಗೆ ಬಳಿದ ನುಣುಪು ಬೇರೆ ಪದರ ಅಂತ ಇಟ್ಟುಕೊಂಡಿರುತ್ತಿದ್ದ. ತೋಟದ ಪದರ ಮುಚ್ಚಿ ಬರೇ ಬಿಳಿ ಹಾಕಿದ. ಹೆಗಲಿನ ತನಕ ಕತ್ತರಿಸಿದ, ಅರ್ಧಕ್ಕರ್ಧ ಜರಿ ಹೋಯಿತು. ಅರ್ಜಿ ಕೇಳಿದಷ್ಟೇ ಉದ್ದ ಅಗಲಕ್ಕೆ ಇಳಿಸಿದ. ಗುಣಮಟ್ಟದ ಗೀಟನ್ನು ಮತ್ತೆ ಮೇಲೆ ತಂದ. ಐವತ್ತರೊಳಗೆ ಆರಾಮ ಕೂತಿತು.

ಆದರೆ ಸಣ್ಣದಾದ ಮೇಲೆ ಮಾರಿ ಇನ್ನೊಂದು ಕೇಡು ತೋರಿಸಿತು. ಅವನ ಕೆನಿಯ ಬಳಿತದಾಗ ಮೂಗಿನ ಏಣು, ಕಣ್ಣಿನ ಕೆಳಗಿನ ನೆರಳು ಇರಲೇ ಇಲ್ಲ. ದೊಡ್ಡ ಫೋಟೋದಾಗ ಅದು ರೂಪ ಅನಿಸಿತ್ತು, ಇಲ್ಲಿ ನೋಡಿದರೆ ಕಣಕದ ಉಂಡಿಗೆ ಎರಡು ಕಣ್ಣು ಅಂಟಿಸಿದ ಹಾಗೆ.

“ಬಳಿದದ್ದನ್ನ ತಗೀರಿ” ಅಂದಳು ರೋಹಿಣಿ.

“ಪೂರಾ?”

“ಹೌದ್ರಿ. ಅರ್ಜಿಯಾಗ ಗುರುತಿಗಂತ ಹುಬ್ಬಿನ ಮ್ಯಾಲಿನ ಮಚ್ಚಿ ಬರಸೇನಿ. ಫೋಟೋದಾಗ ಮಚ್ಚಿನೇ ಇಲ್ಲ.”

ಸಂಗನಬಸವ ಮೂಲ ಕಡತಕ್ಕೆ ಹಿಂದೆ ಹೋಗಿ ಮಾರಿಗೆ ಬಳಿದ ನುಣುಪಿನ ಪದರವನ್ನು ಮುಚ್ಚಿದ. ಮಚ್ಚಿ ಬಂತು, ಬಿಸಿಲು ಬಂತು, ಮೂಗು ತನ್ನ ಜಾಗಕ್ಕೆ ಬಂತು. ಮತ್ತೆ ಅದೇ ಅಳತೆಗೆ ಇಳಿಸಿ ಬೇರೆ ಹೆಸರಿನಲ್ಲಿ ಉಳಿಸಿದ. ಅರ್ಜಿ ಅದನ್ನು ತಕರಾರಿಲ್ಲದೆ ತಗೊಂಡಿತು. ಕಣ್ಣು, ರೆಪ್ಪೆ, ಹುಬ್ಬು, ಎಲ್ಲಾ ತಿಳಿಯಾಗಿ ಕಂಡವು. ಸಲ್ಲಿಸಿದ ಮೇಲೆ ಸ್ವೀಕೃತಿ ಹಾಳೆ ಯಂತ್ರದಿಂದ ಬೆಚ್ಚಗೆ ಹೊರಬಂತು.

ಸಾವಿತ್ರೆವ್ವ ಹಾಳೆಯನ್ನು ಬೆಳಕಿಗೆ ಹಿಡಿದು, ಸೊಸೆಯ ಮಾರಿ ನೋಡಿ, ಮತ್ತೆ ಹಾಳೆ ನೋಡಿದಳು.

“ಈಗ ನಮ್ಮ ರೋಹಿಣಿ ಅನಸ್ತಾಳ ಬಿಡು” ಅಂದಳು.

ಅಂಗಡಿ ತೆರೆದಾಗಿನಿಂದ ಸಂಗನಬಸವ ತೆಗೆದ ಫೋಟೋಕ್ಕೆ ಯಾರೂ ಆಡದ ಮಾತು ಅದು. ಹೊಗಳಿದಳೋ ಬೈದಳೋ ಅವನಿಗೆ ತಿಳಿಯಲಿಲ್ಲ. ರೋಹಿಣಿ ಮಾತ್ರ ಹಾಳೆಯನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡು, ಸೆರಗನ್ನು ಬಾತ ಕಣ್ಣಿನಿಂದ ತೆಗೆದು ಹಿಂದೆ ಹಾಕಿ, ಬಸ್ಸಿಗೆ ಹೊರಟಳು.