ಹಗ್ಗದ ಮೇಲೆ ಮೂವತ್ತೊಂದು ಕವಿತೆ

ಅರೆಬರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಈ ಸಲ ಜುಲೈಯಲ್ಲಿ ಮಳೆ ನಾಲ್ಕು ದಿನ ಬಿಡದೆ ಹಿಡಿದಾಗ, ಡೊಂಬಿವಲಿಯ ನನ್ನ ಮನೆಯೊಳಗೇ ಹಗ್ಗ ಕಟ್ಟಿ ಬಟ್ಟೆ ಹರವಿ ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ಬಾಗಿಲು ತೆಗೆದದ್ದೇ ಆ ವಾಸನೆ ಮುಖಕ್ಕೆ ಬಡಿಯಿತು. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತೆ. ಮೇಲಿನ ಮನೆಯ ಅಕ್ಕನ ಪಡಸಾಲೆ ಮಳೆಗಾಲದಲ್ಲಿ ಹೀಗೇ ಇರುತ್ತಿತ್ತು...

ಅವರು ಉಡುಪಿ ಕಡೆಯವರು. ಗಂಡ ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಒಬ್ಬಳೇ ಮಗಳು. ನಾನು ಧಾರವಾಡದಿಂದ ಮದುವೆಯಾಗಿ ಬಂದು, ಬೇಲಾಪುರದಲ್ಲಿ ಗುಮಾಸ್ತೆಯಾಗಿ ಸೇರಿಕೊಂಡವಳು. ಅವರು ಮೂರನೇ ಮಾಳಿಗೆ, ನಾನು ಎರಡನೇದು. ಮೊದಮೊದಲು ನಮ್ಮಿಬ್ಬರ ಕನ್ನಡ ಒಂದಕ್ಕೊಂದು ತಾಗದೆ ನಗು ಬರುತ್ತಿತ್ತು. ನಾನು "ಅಕ್ಕಾರ" ಎನ್ನುವುದು ಅವರಿಗೆ ತಮಾಷೆ, ಅವರು ನನ್ನನ್ನು "ಮಾರಾಯ್ತಿ" ಎನ್ನುವುದು ನನಗೆ ತಮಾಷೆ.

ಕವಿತೆ ಬರೆಯುವವಳು ಎಂದು ಆ ಕಟ್ಟಡದಲ್ಲಿ ಹೆಸರಿದ್ದದ್ದು ನನಗೆ. ನನ್ನ ಮೊದಲ ಸಂಕಲನ ಆಗಲೇ ಬಂದಿತ್ತು. ಪತ್ರಿಕೆಗಳಲ್ಲಿ ಅಚ್ಚಾದ ತಾರೀಖಿನ ಪ್ರಕಾರ ಕವಿತೆಗಳನ್ನು ಒಂದರ ಹಿಂದೆ ಒಂದು ಇಟ್ಟು ಪ್ರೆಸ್ಸಿಗೆ ಕೊಟ್ಟಿದ್ದೆ. ಬಂದದ್ದು ಒಂದೇ ಒಂದು ವಿಮರ್ಶೆ. "ಬಿಡಿಬಿಡಿಯಾಗಿ ಒಳ್ಳೆಯ ಕವಿತೆಗಳು" ಎಂದು ಬರೆದಿದ್ದರು. ಅದನ್ನು ಹೊಗಳಿಕೆ ಎಂದೇ ತಿಳಿದು ಕತ್ತರಿಸಿ ಇಟ್ಟುಕೊಂಡಿದ್ದೆ.

ಅಕ್ಕ ಬರೆಯುತ್ತಾರೆಂದು ನನಗೆ ಗೊತ್ತಾದದ್ದು ಕನ್ನಡ ಸಂಘದ ಸ್ಪರ್ಧೆಯಲ್ಲಿ. ಮೊದಲ ಬಹುಮಾನಕ್ಕೆ ಅವರ ಹೆಸರು ಕೂಗಿದರು, ಸಮಾಧಾನಕರ ಬಹುಮಾನಕ್ಕೆ ನನ್ನದು. ಅಕ್ಕನದು ತೀರಿಕೊಂಡ ತಾಯಿಯ ಮೇಲೆ ಬರೆದ ಕವಿತೆ. ವೇದಿಕೆಯಿಂದ ಇಳಿದು ಅಕ್ಕ ನೇರ ನನ್ನ ಹತ್ತಿರ ಬಂದು, "ನಿನ್ನೆದುರು ನನಗೆ ಕೊಟ್ಟದ್ದು ನೋಡಿ ನಾಚಿಕೆ ಆಯ್ತು ಮಾರಾಯ್ತಿ" ಅಂದರು. ಮನಸ್ಸಿನಿಂದಲೇ ಅಂದರು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಆಮೇಲೊಂದು ಮಳೆಗಾಲ ಅವರು ಮೂವತ್ತನಾಲ್ಕು ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. ಪುಸ್ತಕ ಮಾಡುವ ಆಸೆ. ನಾಲ್ಕು ಫಾರಂ, ಅಂದರೆ ಅರವತ್ನಾಲ್ಕು ಪುಟ, ಅಷ್ಟರಲ್ಲಿ ಮುಗಿಯಬೇಕು.

"ಯಾವುದು ಮೊದಲು, ಯಾವುದು ಆಮೇಲೆ ಅಂತ ನೀನೇ ಹೇಳು. ನಿನ್ನ ಪುಸ್ತಕ ಬಂದಿದೆ. ನನಗೆ ಎಂತ ಗೊತ್ತುಂಟು?"

ಆ ಹಾಳೆಗಳನ್ನು ನಾನು ಟ್ರೇನಿನಲ್ಲಿ ಓದಿದೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಇಳಿದು ಬೇಲಾಪುರದ ಗಾಡಿ. ಆ ಮಾರ್ಗ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ, ಕೂರಲು ಜಾಗ ಸಿಗುತ್ತಿತ್ತು. ಓದುತ್ತಾ ಹೋದಂತೆ ನನಗೆ ಸಮಾಧಾನವಾಯಿತು. ಸಣ್ಣಪುಟ್ಟ ಕವಿತೆಗಳು. ಊರಿನಿಂದ ಬಂದ ಉಪ್ಪಿನಕಾಯಿ ಬಾಟಲಿ, ಹಿಂದಿ ಬಾರದೆ ತರಕಾರಿಯವಳ ಜೊತೆ ಆದ ಜಗಳ, ಭಾನುವಾರ ತಾಯಿಗೆ ಮಾಡುವ ಫೋನು. ಒಂದೊಂದಾಗಿ ತೂಗಿದರೆ ನನ್ನವೇ ಭಾರ ಅನ್ನಿಸಿತು.

ಅವುಗಳಲ್ಲಿ ಕೊಡೆಯ ಮೇಲೆ ಒಂದು ತಮಾಷೆಯ ಕವಿತೆ ಇತ್ತು. ಹೆಂಗಸೊಬ್ಬಳು ಕೊಡೆಯನ್ನು ಲೋಕಲ್ ಟ್ರೇನಿನಲ್ಲೇ ಬಿಟ್ಟು ಇಳಿಯುತ್ತಾಳೆ. ಸ್ಟೇಷನ್ನಿನಲ್ಲಿ ದೂರು ಕೊಡಲು ಹೋದರೆ "ಹೇಗಿತ್ತು ಕೊಡೆ?" ಎಂದು ಕೇಳುತ್ತಾರೆ. "ಕಪ್ಪಗಿತ್ತು" ಅನ್ನುತ್ತಾಳೆ. "ಎಲ್ಲಾ ಕೊಡೆಯೂ ಕಪ್ಪೇ." ಅದು ಈಗ ಯಾರ ಮನೆಯ ಮೂಲೆಯಲ್ಲಿ ನೀರು ಬಸಿಯುತ್ತಿದೆಯೋ ಎಂದುಕೊಳ್ಳುತ್ತಾ ಮಳೆಯಲ್ಲಿ ನೆನೆದುಕೊಂಡು ಮನೆಗೆ ಹೋಗುತ್ತಾಳೆ. ಅಷ್ಟೇ. ಮೊದಲ ಸಲ ಓದಿದಾಗ ನಕ್ಕಿದ್ದೆ.

ಒಂದು ಬೆಳಿಗ್ಗೆ ಠಾಣೆಯಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಹಾಳೆಗಳು ಕೈಯಿಂದ ಜಾರಿದವು. ಹೇಗೋ ಬಾಚಿಕೊಂಡು, ಮುಂದಿನ ಗಾಡಿಯಲ್ಲಿ ಕೂತು, ಸಿಕ್ಕ ಹಾಗೆ ಓದತೊಡಗಿದೆ. ಫೋನಿನ ಕವಿತೆ ಬಂತು. ಭಾನುವಾರ ಊರಿನ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇದೆ, ಕೊನೆಗೆ ಯಾರೋ ಎತ್ತುತ್ತಾರೆ, ದನಿ ಅಮ್ಮನದಲ್ಲ. ಕವಿತೆ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಹಾಳೆ ತಿರುವಿದೆ. ಕೊಡೆ.

"ಹೇಗಿತ್ತು?" "ಕಪ್ಪಗಿತ್ತು." "ಎಲ್ಲಾ ಕೊಡೆಯೂ ಕಪ್ಪೇ."

ಐರೋಲಿ ಬಂತು, ಘಣಸೋಲಿ ಬಂತು, ನನಗೆ ಗೊತ್ತಾಗಲಿಲ್ಲ. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಸೆರಗು ಹಿಡಿದುಕೊಂಡಿದ್ದೆ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಜಾಗ ಬದಲಾಗಿತ್ತು, ಅಷ್ಟೆ. ಸಾವು ಎಂಬ ಶಬ್ದವೇ ಇಲ್ಲದೆ ಅದು ಸಾವಿನ ಕವಿತೆಯಾಗಿಬಿಟ್ಟಿತ್ತು. ಉಳಿದವೂ ಆಗ ತಾವಾಗಿ ಕಾಣತೊಡಗಿದವು. ಉಪ್ಪಿನಕಾಯಿ ಬಾಟಲಿ ಮೊದಲಿಗಿರಬೇಕು, ಅಲ್ಲಿ ತಾಯಿ ಬದುಕಿದ್ದಾಳೆ. ಖಾಲಿ ಬಾಟಲಿಗೆ ಬೇಳೆ ತುಂಬುವ ಇನ್ನೊಂದು ಕವಿತೆ ಬಹಳ ಆಮೇಲೆ ಬರಬೇಕು. ಕೊಡೆ ಇರುವಾಗ ಬಹುಮಾನದ ಕವಿತೆ ಬೇಡವೇ ಬೇಡ, ಏಕೆಂದರೆ ಓದುವವರು ತಾವೇ ಕಂಡುಕೊಳ್ಳಬೇಕಾದ್ದನ್ನೆಲ್ಲ ಅದು ಬಾಯಿಬಿಟ್ಟು ಹೇಳುತ್ತದೆ.

ಪೆನ್ಸಿಲ್ ತೆಗೆದು ಫೋನಿನ ಕವಿತೆಯ ಅಡಿಯಲ್ಲಿ ಸಣ್ಣ ಬಾಣ ಹಾಕಿ "ಕೊಡೆ" ಎಂದು ಬರೆದೆ. ಬರೆದ ಮೇಲೆ ಅದನ್ನೇ ನೋಡುತ್ತಾ ಕೂತೆ. ಈ ಹೆಂಗಸಿನ ಪುಸ್ತಕ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ ಎಂಬುದು ನಿಚ್ಚಳವಾಗಿ ಹೊಳೆಯಿತು. ಕವಿತೆಗಳು ನನ್ನವು ಭಾರವಿದ್ದರೇನು, ಪುಸ್ತಕ ಅವರದಾಗುತ್ತದೆ. "ಬಿಡಿಬಿಡಿಯಾಗಿ" ಎಂಬ ಮಾತಿನ ಅರ್ಥವೂ ಆಗಲೇ ತಿಳಿಯಿತು. ಬೇಲಾಪುರ ಬರುವ ಮುಂಚೆ ರಬ್ಬರಿನಿಂದ ಆ ಬಾಣವನ್ನು ಅಳಿಸಿದೆ.

ಭಾನುವಾರ ಮೇಲೆ ಹೋಗಿ, ಹಾಳೆಗಳನ್ನು ವಾಪಸು ಕೊಟ್ಟು, ಪಾಠ ಹೇಳುವವಳ ಹಾಗೆ ಹೇಳಿದೆ:

"ಅಕ್ಕಾರ, ಬಹುಮಾನದ ಕವಿತಾ ಮದಲ ಇಡ್ರಿ, ಓದವರನ್ನ ಹಿಡೀತದ. ಊರಿನವು ಒಂದ ಕಡೆ, ಟ್ರೇನಿನವು ಒಂದ ಕಡೆ, ತಾಯಿಯವು ಎಲ್ಲಾ ಸೇರಿಸಿ ಕಡೀಕ. ನಗಿಸೂವು ನಡುವ ಅಲ್ಲಲ್ಲಿ ಹಾಕ್ರಿ."

ಎಲ್ಲಕ್ಕಿಂತ ಗಟ್ಟಿ ದನಿಯದು ಮೊದಲೇ ಬಂದರೆ ಮುಂದಿನದೆಲ್ಲ ಇಳಿಜಾರು. ಮೊದಲ ಪುಟದಲ್ಲೇ ಸತ್ತ ತಾಯಿಗೆ ನಲವತ್ತನೇ ಪುಟದಲ್ಲಿ ಫೋನು ಹೋದರೆ ಯಾರ ಎದೆಯೂ ನಡುಗದು. ಒಂದೇ ಬಗೆಯವು ಸಾಲಾಗಿ ನಿಂತರೆ ಮೂರನೆಯದಕ್ಕೆ ಓದುವವರು ದಣಿಯುತ್ತಾರೆ. ಇದೆಲ್ಲ ಗೊತ್ತಿದ್ದೂ ಹೇಳಿದೆ. ಅಕ್ಕ ಒಂದೊಂದನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಚಹಾ ಕೊಟ್ಟರು. ನೀರುದೋಸೆ ತಿನ್ನಿಸಿಯೇ ಕಳಿಸಿದರು...

ಎರಡು ವಾರ ನಾನು ಆ ಕಡೆ ಸುಳಿಯಲಿಲ್ಲ. ಆಮೇಲೆ ಅವರೇ ಕರೆದರು. ಹೋಗಿ ನೋಡಿದರೆ ಪಡಸಾಲೆಯ ತುಂಬ ಬಟ್ಟೆ ಒಣಹಾಕುವ ಹಗ್ಗ, ಐದು ಸಾಲು. ಒದ್ದೆ ಬಟ್ಟೆಯೆಲ್ಲ ಒಂದು ಮೂಲೆಗೆ ಸರಿಸಿ, ಉಳಿದ ಹಗ್ಗಕ್ಕೆ ಹಾಳೆಗಳನ್ನು ಕ್ಲಿಪ್ ಹಾಕಿ ನೇತುಬಿಟ್ಟಿದ್ದರು. ಫ್ಯಾನಿನ ಗಾಳಿಗೆ ಕವಿತೆಗಳು ಅಲ್ಲಾಡುತ್ತಿದ್ದವು. ಮಗಳು ಬಗ್ಗಿಕೊಂಡು ಅವುಗಳ ಅಡಿಯಿಂದ ದಾಟುತ್ತಾ, "ಮಮ್ಮಿ, ಯೇ ಸಬ್ ಕಬ್ ಸೂಖೇಗಾ?" ಎಂದು, ಇದೆಲ್ಲ ಯಾವಾಗ ಒಣಗುತ್ತದೆಂದು ಛೇಡಿಸುತ್ತಿದ್ದಳು.

"ನೀನು ಹೇಳಿದ ಹಾಗೆ ಇಟ್ಟು ನೋಡಿದೆ. ಎಂತದೋ ಸರಿ ಆಗ್ಲಿಲ್ಲ," ಎಂದರು ಅಕ್ಕ, ತಪ್ಪು ಮಾಡಿದವರಂತೆ. "ಆಮೇಲೆ ದಿನಾ ಅಡಿಗೆ ಮುಗಿಸಿ ಇದರ ಎದುರು ನಡೆದೆ. ಒಂದರ ಕೊನೆ ಸಾಲು ಓದುವುದು, ಮುಂದಿನದರ ಮೊದಲ ಸಾಲು ಓದುವುದು. ಮಾತಾಡ್ತವಾ ಇಲ್ವಾ ಅಂತ. ಮಾತಾಡದಿದ್ರೆ ಕ್ಲಿಪ್ ತೆಗೆದು ಬೇರೆ ಕಡೆ."

ನಾನು ಮೊದಲ ಹಗ್ಗದಿಂದ ಓದುತ್ತಾ ನಡೆದೆ. ಪುಸ್ತಕದ ಬಾಗಿಲಿಗೆ ಒಂದು ಪುಟ್ಟ ಕವಿತೆ, ಎಂಟೇ ಸಾಲು, ಗಾಡಿ ಇಳಿದವಳು ಸ್ಟೇಷನ್ನಿನ ಫಲಕದಲ್ಲಿ ಈ ಹೊಸ ಊರಿನ ಹೆಸರನ್ನು ಓದಲು ಹೆಣಗುವುದು. ಅಷ್ಟರಲ್ಲೇ ಇವಳು ಯಾರು, ಹೇಗೆ ಮಾತಾಡುತ್ತಾಳೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಉಪ್ಪಿನಕಾಯಿ. ಎರಡನೇ ಹಗ್ಗದಲ್ಲಿ ಜಗಳ, ನಗು. ತಾಯಿ ಅಲ್ಲೊಮ್ಮೆ ಇಲ್ಲೊಮ್ಮೆ ಬಂದು ಹೋಗುತ್ತಾಳೆ, ಪ್ರತಿ ಸಲ ದನಿ ತುಸು ಸಣ್ಣದಾಗಿ. ಮೂರನೆಯದರ ಕೊನೆಗೆ ಫೋನು. ಅದರ ಪಕ್ಕ ಒಂದು ಖಾಲಿ ಕ್ಲಿಪ್. ಆಮೇಲೆ ಕೊಡೆ.

"ಖಾಲಿ ಯಾಕ?" ಎಂದೆ. 

"ಅದು ಪುಟ ತಿರುಗಿಸುವ ಜಾಗ. ಫೋನು ಬಲಗಡೆ ಪುಟದಲ್ಲಿ ಮುಗೀಬೇಕು. ಕೊಡೆ ಪಕ್ಕದಲ್ಲೇ ಕಂಡರೆ ಆಗ್ಲಿಕ್ಕಿಲ್ಲ, ತಿರುಗಿಸಿದ ಮೇಲೆಯೇ ಸಿಗಬೇಕು. ಅದಕ್ಕೆ ಹಿಂದಿನ ಒಂದು ಸಣ್ಣದನ್ನು ತೆಗೆದೆ. ಬಹುಮಾನದ್ದನ್ನೂ ತೆಗೆದೆ. ಇನ್ನೊಂದೂ ಸೇರಿ ಒಟ್ಟು ಮೂರು ಹೋದವು, ಮೂವತ್ತೊಂದು ಉಳಿಯಿತು."

ಕೊನೆಯ ಹಗ್ಗದ ತುದಿಗೆ ಮಗಳ ಕವಿತೆ ಇತ್ತು. ಅಮ್ಮನ ಭಾಷೆಯ ಒಂದು ಶಬ್ದವನ್ನು ಹುಡುಗಿ ತಪ್ಪಾಗಿ ಹೇಳುತ್ತಾಳೆ, ತಾಯಿ ತಿದ್ದುವುದಿಲ್ಲ. ಊರಿನ ಹೆಸರು ಓದಲು ಬಾರದೆ ಗಾಡಿ ಇಳಿದವಳು ಎಷ್ಟು ದೂರ ಬಂದಳು ಎಂದು ಅಲ್ಲಿ ನಿಂತಾಗ ತಿಳಿಯುತ್ತಿತ್ತು.

ಅಕ್ಕ ಫೋನಿನ ಹಾಳೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಅಳಿಸಿದ ಜಾಗದಲ್ಲಿ ಪೆನ್ಸಿಲಿನ ಗೀರು ಉಳಿದಿತ್ತು. ಬಾಣ, ಎರಡಕ್ಷರ.

"ಇದು ನೋಡಿದ ಮೇಲೆಯೇ ನನಗೆ ದಾರಿ ಸಿಕ್ಕಿದ್ದು. ಬರೆದು ಅಳಿಸಿದ್ದು ಯಾಕೆ ಮಾರಾಯ್ತಿ?"

"ಖಾತ್ರಿ ಇರಲಿಲ್ಲರಿ," ಎಂದೆ.

ಅವರು ನನ್ನ ಮುಖ ನೋಡಿದರು. "ಹೌದಾ," ಎಂದು ಹಾಳೆಯನ್ನು ಮತ್ತೆ ಹಗ್ಗಕ್ಕೆ ಸಿಕ್ಕಿಸಿದರು.

ಕಲ್ಯಾಣದ ಒಂದು ಸಣ್ಣ ಸಭಾಗೃಹದಲ್ಲಿ ಪುಸ್ತಕ ಬಿಡುಗಡೆಯಾಯಿತು. ಮಾತಾಡಿದವರು ಒಂದೊಂದು ಕವಿತೆಯನ್ನು ಎತ್ತಿ ಹೊಗಳಲಿಲ್ಲ, ಒಂದೇ ಉಸಿರಿಗೆ ಓದಿಸಿಕೊಳ್ಳುವ ಪುಸ್ತಕ, ಈ ಜೋಡಣೆ ಅಪರೂಪದ್ದು ಎಂದರು. ಅಕ್ಕ ಎದ್ದು, "ಜೋಡಣೆಯ ದಾರಿ ತೋರಿಸಿದ್ದು ನಮ್ಮ ಕೆಳಗಿನ ಮನೆಯ ತಂಗಿ" ಎಂದು ನನ್ನತ್ತ ಕೈ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದೆ. ಅಷ್ಟು ಜನರೆದುರು ಅಂಥ ಮೆಚ್ಚುಗೆ ನನ್ನ ಸ್ವಂತ ಪುಸ್ತಕಕ್ಕೂ ಸಿಕ್ಕಿರಲಿಲ್ಲ. ಅದನ್ನೂ ಅವರ ಕೈಯಿಂದಲೇ ತೆಗೆದುಕೊಳ್ಳಬೇಕಾಯಿತಲ್ಲ ಎಂದು ಮನೆ ಮುಟ್ಟುವವರೆಗೂ ಉರಿದೆ.

ಮಗಳ ಮದುವೆಯಾದ ಮೇಲೆ ಅವರು ಅವಳಿದ್ದ ಕಳಂಬೋಲಿಗೆ ಹೋದರು. ಹೋಗಿ ಬರುವುದು ಕಡಿಮೆಯಾಯಿತು. ಕಡಿಮೆ ಮಾಡಿದವಳು ನಾನೇ. ಎರಡನೇ ಪುಸ್ತಕ ಅವರು ಬರೆಯಲಿಲ್ಲ. ಕೆಲವು ವರ್ಷಗಳ ನಂತರ, ಅವರಿಗೆ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು...

ಆ ಮುಗ್ಗಲು ವಾಸನೆ ಬಡಿದ ವಾರವೇ ನಾನು ಕಳಂಬೋಲಿಗೆ ಹೋದೆ. ಮಗಳು ತಾಯಿಯ ಪುಸ್ತಕ ತಂದು ನನ್ನ ಮುಂದಿಟ್ಟಳು. ಕನ್ನಡ ಅವಳಿಗೆ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. "ಆಂಟಿ, ಶುರೂ ಸೇ ಪಢೋ ನಾ," ಎಂದಳು. ಮೊದಲ ಪುಟದಿಂದ ಓದಿದೆ. ಫೋನಿನ ಕವಿತೆ ಮುಗಿದಾಗ ನನ್ನಿಂದ ಪುಟ ತಿರುಗಿಸಲಾಗಲಿಲ್ಲ. ಅಲ್ಲೇ ತಡೆದು ಎಲ್ಲವನ್ನೂ ಹೇಳಿದೆ. ಟ್ರೇನು, ಬಾಣ, ರಬ್ಬರು. ಬೇಕಂತಲೇ ಕೊಟ್ಟ ಕೆಟ್ಟ ಸಲಹೆ.

ಹುಡುಗಿ ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ತಲೆಯಾಡಿಸಿದಳು.

"ಪತಾ ಹೈ. ಮಮ್ಮಿ ಬೋಲ್ತೀ ಥೀ, ಉಸ್ನೇ ಮಿಟಾಯಾ ಥಾ. ಲೇಕಿನ್ ಪೂರಾ ನಹೀ ಮಿಟಾಯಾ."

ಹುಡುಗಿಗೆ ಮೊದಲೇ ಗೊತ್ತಿತ್ತು, ತಾಯಿ ಹೇಳುತ್ತಿದ್ದರಂತೆ: ಅವಳೇ ಅಳಿಸಿದಳು, ಆದರೆ ಪೂರ್ತಿ ಅಳಿಸಲಿಲ್ಲ... ಅಕ್ಕ ಅಷ್ಟು ಹೇಳಿ ಬಿಟ್ಟುಬಿಟ್ಟಿದ್ದರು. ನಾನು ಇಷ್ಟು ವರ್ಷ ಮುಖ ತಪ್ಪಿಸಿಕೊಂಡು ತಿರುಗಿದೆ. ಅವರು ಬದುಕಿದ್ದಾಗ ಒಂದು ಭಾನುವಾರ ಬಂದು ಕೂತಿದ್ದರೆ ಸಾಕಿತ್ತು.

"ಆಗೇ?" ಎಂದಳು ಹುಡುಗಿ, ಮುಂದಿನದು ಎಲ್ಲಿ ಎಂಬಂತೆ. ಪುಟ ತಿರುಗಿಸಿ ಓದಿದೆ.