ಬಿಂದ್ಲಿಯ ಮೇಲಿನ ಎರಡು ತಗ್ಗು

ಅಥವಾ ಅಕ್ಕಸಾಲಿಗ ಪತ್ತಾರರು ಕೇಳಿಯೇ ಇರಲಿಲ್ಲವೇನೋ. ನಾನೇ ಹೇಳಿರಬೇಕು. ಇಷ್ಟು ದಿನ ನಾನು ನೆನಪು ಮಾಡಿಕೊಂಡ ಹಾಗೆ, ಅವರು ಕನ್ನಡಕ ಹಣೆಗೇರಿಸಿ, ಬಿಂದ್ಲಿಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಎರಡು ತಗ್ಗು ಅದಾವ್ರಿ, ತಗೀಲೇನು?" ಎಂದರು. ನಾನು "ತಗೀರಿ" ಎಂದೆ. ಆದರೆ ಅವರ ಕನ್ನಡಕ ಒಮ್ಮೆ ಹಣೆಯ ಮೇಲಿದೆ, ಒಮ್ಮೆ ಮೂಗಿನ ಮೇಲಿದೆ, ಇನ್ನೊಮ್ಮೆ ಅವರಿಗೆ ಕನ್ನಡಕವೇ ಇಲ್ಲ. ಕನ್ನಡಕವನ್ನು ಸರಿಯಾಗಿ ಇಟ್ಟುಕೊಳ್ಳಲಾಗದ ನೆನಪು ಮಾತನ್ನು ಮಾತ್ರ ಸರಿಯಾಗಿ ಇಟ್ಟುಕೊಂಡಿದೆ ಎಂದು ನಂಬುವುದು ಹೇಗೆ?

ಖಚಿತವಾಗಿ ಗೊತ್ತಿರುವುದು ಇಷ್ಟು. ಬಿಂದ್ಲಿ ಅಂದರೆ ಕೂಸಿನ ಕೈಗೆ ಹಾಕುವ ಬೆಳ್ಳಿಯ ಬಳೆ. ಇದು ನನ್ನ ಅಕ್ಕನ ಮಗನದು. ತೆಳ್ಳನೆಯ ಪಟ್ಟಿ, ಒಂದು ಕಡೆ ಬಾಯಿ ತೆರೆದದ್ದು. ಅವನು ಹನ್ನೊಂದು ತಿಂಗಳು ಬದುಕಿದ್ದ. ಹುಟ್ಟುಹಬ್ಬಕ್ಕೆ ಫೋಟೋ ತೆಗೆಸಿದರಾಯಿತೆಂದು ಬಿಟ್ಟಿದ್ದರಿಂದ ಒಂದು ಫೋಟೋ ಕೂಡ ಇಲ್ಲ. ಇದ್ದದ್ದು ಬಿಂದ್ಲಿಯ ಅಂಚಿನಲ್ಲಿ ಎರಡು ಸಣ್ಣ ತಗ್ಗು. ಹಲ್ಲು ಬರುವಾಗ ಕಚ್ಚಿ ಕಚ್ಚಿ ಮಾಡಿದ್ದು ಎಂದು ಅಕ್ಕ ಹೇಳುತ್ತಿದ್ದಳು. ಅದನ್ನು ಬಂಗಾರದ ಸರಕ್ಕೆ ಪೋಣಿಸಿ ಇಪ್ಪತ್ತು ವರ್ಷ ಕೊರಳಲ್ಲಿ ಹಾಕಿಕೊಂಡಿದ್ದಳು. ಮಾತನಾಡುವಾಗ ಅವಳ ಹೆಬ್ಬೆರಳು ತಾನಾಗಿಯೇ ಆ ತಗ್ಗುಗಳನ್ನು ಹುಡುಕಿಕೊಂಡು ಹೋಗುತ್ತಿತ್ತು.

ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಶಾಲೆಗೆ ಹೊರಡುವಾಗ ಅದರ ಮೇಲೆಯೇ ಸೆಂಟು ಹೊಡೆದುಕೊಳ್ಳುತ್ತಿದ್ದಳು. ಮೂರನೆಯ ಇಯತ್ತೆಯ ಮಕ್ಕಳು "ಟೀಚರ್, ಬಳಿ ಕೊಳ್ಳಾಗ ಯಾಕ ಹಾಕ್ಕೊಂಡೀರಿ?" ಎಂದರೆ "ಕೈಗೆ ಹಿಡಸವಲ್ದು" ಎನ್ನುತ್ತಿದ್ದಳಂತೆ.

ಬೆನ್ನುನೋವು ಹೆಚ್ಚಾಗಿ, ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದ ಮೇಲೆ ನಾವಿಬ್ಬರೂ ಬೆಟಗೇರಿಯಿಂದ ಗದುಗಿನ ಈಜುಕೊಳಕ್ಕೆ ಹೋಗತೊಡಗಿದೆವು. ವಾರಕ್ಕೆ ಮೂರು ದಿನ, ಹೆಂಗಸರ ಹೊತ್ತಿನಲ್ಲಿ. ಅಲ್ಲಿ ಈಜು ಕಲಿಸುವ ಹುಡುಗಿ ಮೊದಲ ದಿನವೇ ಅಕ್ಕನ ಕೊರಳು ನೋಡಿ ತಡೆದಳು.

"ಅಕ್ಕಾರ, ಅದನ್ನ ತಗದು ಬರ್ರಿ. ನೀರಾಗ ಕ್ಲೋರಿನ್ ಐತಿ. ಬೆಳ್ಳಿ ಕರ್ರಗ ಆಗತೈತಿ, ಬಂಗಾರದ ಬೆಸಿಗಿ ಬಿಡತೈತಿ. ಉಂಗುರಾನೂ ತಗೀರಿ, ತಣ್ಣೀರಾಗ ಬಟ್ಟು ಸಣ್ಣ ಆಗಿ ಜಾರಿ ಹೋಗತಾವ."

ಅಕ್ಕ ಉಂಗುರ ತೆಗೆದು ನನ್ನ ಕೈಗಿಟ್ಟಳು. ಸರ ತೆಗೆಯಲಿಲ್ಲ.

"ನನ್ನ ಕೂಸು ಇದರ ಮ್ಯಾಲ ಎಷ್ಟು ಸಲ ಉಚ್ಚಿ ಹೊಯ್ದೈತಿ, ಏನೂ ಆಗಿಲ್ಲ. ನಿಮ್ಮ ನೀರಿಗೆ ಆಗತೈತೇನ?"

"ಉಚ್ಚಿಕಿಂತ ಇದು ಖಾರ ಐತ್ರಿ ಅಕ್ಕಾರ" ಎಂದು ಹುಡುಗಿ ನಕ್ಕಳು. ಅಕ್ಕನೂ ನಕ್ಕಳು. ಆ ನಗೆಯಲ್ಲಿ ವಿಷಯ ಅಲ್ಲಿಗೇ ಬಿಟ್ಟುಹೋಯಿತು. ನಾನಾದರೂ ಒತ್ತಾಯ ಮಾಡಬಹುದಿತ್ತು. ನನ್ನ ಬಳೆ, ಬೆಂಡೋಲೆಗಳನ್ನು ಮನೆಯಲ್ಲೇ ಡಬ್ಬಿಯಲ್ಲಿಟ್ಟು ಬರುತ್ತಿದ್ದೆ. ನನಗೆ ಗೊತ್ತಿತ್ತು.

ಕೊಳಕ್ಕೆ ಹೋಗುವುದು ಯುಗಾದಿಗೆ ಶುರುವಾದದ್ದು, ಶ್ರಾವಣದ ಹೊತ್ತಿಗೆ ಬಿಂದ್ಲಿಯ ಬಿಳುಪು ಸತ್ತುಹೋಗಿತ್ತು. ಮೊದಲು ಬೂದಿಯ ಬಣ್ಣ, ಆಮೇಲೆ ಸೀದ ಹಾಲಿನ ಪಾತ್ರೆಯ ತಳದಂಥ ಕಪ್ಪು. ಅಕ್ಕನ ಬೆನ್ನು ಮಾತ್ರ ಹಗುರಾಗಿತ್ತು. ಒಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಟವೆಲ್ಲಿಗೆ ಸಿಕ್ಕ ಸರ ಹರಿದು ಬಿಂದ್ಲಿ ನೆಲಕ್ಕೆ ಬಿತ್ತು. ಟಣ್ ಎಂದಿತು ಎಂದು ಬರೆಯಲು ಕೈ ಬರುತ್ತದೆ, ಆದರೆ ಆ ಸದ್ದು ನನಗೆ ನೆನಪಿಲ್ಲ. ಅಕ್ಕ ಮೊಣಕಾಲೂರಿ ಅದನ್ನು ಹುಡುಕಿದ್ದು ನೆನಪಿದೆ.

"ಪತ್ತಾರರ ಕಡೆ ಒಯ್ದು ಜೋಡಿಸ್ಕೊಂಡ ಬಾರಲೇ. ನನಗ ಪರೀಕ್ಷಾ ಪೇಪರ್ ತಿದ್ದೂದೈತಿ" ಎಂದಳು. ಜೋಡಿಸಿಕೊಂಡು ಬಾ ಎಂದಳು, ತೊಳೆಸಿಕೊಂಡು ಬಾ ಎನ್ನಲಿಲ್ಲ. ಇದು ಮಾತ್ರ ನಿಜ.

ಪತ್ತಾರರು ಸರದ ಹರಿದ ಕೊಂಡಿಯನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. "ಇದು ಸವದು ಹರದಿಲ್ಲ ನೋಡ್ರಿ, ಬೆಸಿಗಿ ಕಡೆ ಸೀಳೈತಿ. ಈಜಾಕ ಹೋಗತಾರೇನ?"

ಹೌದೆಂದೆ.

"ಅದಕ್ಕ. ಬರೇ ಬಂಗಾರಕ್ಕ ಆ ನೀರು ಏನೂ ಮಾಡೂದಿಲ್ರಿ. ಅದರಾಗ ಕೂಡಿಸಿದ ತಾಮ್ರ, ಬೆಸಿಗಿ, ಅವನ್ನ ತಿಂತೈತಿ. ಇಲ್ಲಿ ಸಂದ್ಯಾಗ ಸಾಬೂನಿನ ಜಿಡ್ಡು ನೋಡ್ರಿ, ಸೆಂಟಿಂದೂ ಕೂಡೈತಿ. ಸೆಂಟು ಮೊದಲ ಹೊಡಕೊಂಡು, ಆರಿದ ಮ್ಯಾಲ ಸರ ಹಾಕೋಬೇಕ್ರಿ. ನಮ್ಮ ಮಾತು ಯಾರು ಕೇಳತಾರ?"

ಆಮೇಲೆ ಬಿಂದ್ಲಿಯನ್ನು ಹಿಡಿದರು. ಇಲ್ಲಿಂದ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಅವರು ತಗ್ಗಿನ ಬಗ್ಗೆ ಕೇಳುತ್ತಾರೆ, ನಾನು ಮೊಬೈಲ್ ನೋಡುತ್ತಾ "ತಗೀರಿ" ಎನ್ನುತ್ತೇನೆ. ಇನ್ನೊಂದರಲ್ಲಿ ಅವರು ಏನೂ ಕೇಳುವುದಿಲ್ಲ. "ಕರ್ರಗ ಆಗೈತಲ್ರಿ, ಹೊಸದರ ಹಂಗ ಮಾಡಿಕೊಡ್ರಿ, ಅಕ್ಕಗ ಖುಷಿ ಆಗತೈತಿ" ಎಂದು ನಾನೇ ಹೇಳುತ್ತೇನೆ. ಎರಡನೆಯದೇ ನನ್ನ ಸ್ವಭಾವಕ್ಕೆ ಹೊಂದುತ್ತದೆ. ಮೊದಲನೆಯದರಲ್ಲಿ ತಪ್ಪು ಇಬ್ಬರಿಗೆ ಹಂಚಿಹೋಗುತ್ತದೆ, ಅದಕ್ಕೇ ಅದು ಇಷ್ಟು ಸ್ಪಷ್ಟವಾಗಿದೆಯೋ ಏನೋ.

ಮೂರು ದಿನ ಬಿಟ್ಟು ಹೋದಾಗ ಬಿಂದ್ಲಿ ಥಳಥಳ ಹೊಳೆಯುತ್ತಿತ್ತು. ಕಬ್ಬಿಣದ ಗೂಟಕ್ಕೆ ತೊಡಿಸಿ, ಮರದ ಸುತ್ತಿಗೆಯಿಂದ ತಟ್ಟಿ, ತಿರುಗುವ ಚಕ್ರಕ್ಕೆ ಹಿಡಿದಿದ್ದರು. ನಾನು ಮೆಚ್ಚಿದೆ. ಮೆಚ್ಚಿ ತಂದು ಅಕ್ಕನ ಕೈಗಿಟ್ಟೆ.

ಅವಳ ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಬಂತು. ಇನ್ನೊಂದು ಸುತ್ತು. ತಿರುಗಿಸಿ ಹಿಡಿದು ಮತ್ತೊಂದು ಸುತ್ತು.

"ಎಲ್ಲದಾವಲೇ?" ಎಂದಳು.



ಅವಳು ಚಪ್ಪಲಿ ಹಾಕಿಕೊಂಡು ನೇರ ಅಂಗಡಿಗೆ ನಡೆದಳು. ನಾನು ಹಿಂದೆ ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ತಿಕ್ಕಿದಾಗ ಬಿದ್ದ ಧೂಳ ಐತೇನ್ರಿ? ಅದನ್ನಾರ ಕೊಡ್ರಿ."

ಪತ್ತಾರರು ಚಕ್ರದ ಕೆಳಗಿನ ತಟ್ಟೆಯ ಕಡೆ ನೋಡಿದರು. "ಅದರಾಗ ಊರ ಮಂದಿ ಬೆಳ್ಳಿ ಎಲ್ಲಾ ಕೂಡೈತ್ರಿ ಬಾಯಾರ. ಯಾವುದು ನಿಮ್ದಂತ ಹೇಳ್ಲಿ?" ಮತ್ತೆ, ಸಮಾಧಾನಕ್ಕೆಂದು, ಮೆಲ್ಲಗೆ: "ಅದಲ್ದ, ಎರಡು ಹಲ್ಲಿನ ಕೂಸು ಬೆಳ್ಳಿ ಕಚ್ಚಿ ತಗ್ಗ ಮಾಡತೈತೇನ್ರಿ? ಅದು ಮಾಡಿದವರ ಇಕ್ಕಳದ ಗುರುತು ಇರಬೇಕು. ಅಂಥಾವು ಭಾಳ ನೋಡೇನಿ."

ಇದಕ್ಕಿಂತ ಅವರು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅಕ್ಕ ಅವರನ್ನೇ ನೋಡಿದಳು, ಆಮೇಲೆ ಹೊರಗೆ ಬಂದಳು.

ಮುಂದಿನ ವಾರ ಕೊಳಕ್ಕೆ ಹೊರಡುವಾಗ ಅವಳ ಕೊರಳು ಬರಿದಾಗಿತ್ತು. ಎಲ್ಲಿಟ್ಟೆ ಎಂದು ಕೇಳಿದೆ.

"ಡಬ್ಬ್ಯಾಗ. ಇನ್ನ ಅದನ್ನ ಎಲ್ಲಿ ಇಟ್ರೇನು?"

ಈಜು ಕಲಿಸುವ ಹುಡುಗಿ ಅವಳನ್ನು ನೋಡಿ "ಈಗ ಬರೋಬ್ಬರಿ ಆತ್ರಿ ಅಕ್ಕಾರ" ಎಂದಳು. ಅಕ್ಕ ನೀರಿಗಿಳಿದು ಅರ್ಧ ದೂರ ನಡೆದಳು. ಕೈ ಕೊರಳಿಗೆ ಹೋಯಿತು, ಅಲ್ಲಿ ಏನೂ ಸಿಗಲಿಲ್ಲ. ನಿಂತಳು. ನೀರು ಎದೆಯವರೆಗೆ ಇತ್ತು. ಆಮೇಲೆ ಹತ್ತಿ ಬಂದಳು. ಮತ್ತೆ ಅಲ್ಲಿಗೆ ಹೋಗಲಿಲ್ಲ. ಬೆನ್ನುನೋವು ತಿರುಗಿ ಬಂದಿದೆ, ಈಗ ಗೋಡೆ ಹಿಡಿದು ಏಳುತ್ತಾಳೆ.

ನನ್ನನ್ನು ಅವಳು ಒಂದು ಮಾತೂ ಅಂದಿಲ್ಲ. ಅಂಗಡಿಯಲ್ಲಿ ನಾನು ಏನು ಹೇಳಿದೆ ಎಂದೂ ಕೇಳಿಲ್ಲ. ಕೇಳಿದರೆ ಯಾವ ನೆನಪನ್ನು ಹೇಳಬೇಕು ಎಂದು ನಾನು ತೀರ್ಮಾನಿಸಿಲ್ಲ. ಆ ತಗ್ಗುಗಳನ್ನು ಕೂಸಿನ ಹಲ್ಲು ಮಾಡಿತ್ತೋ, ಇಕ್ಕಳ ಮಾಡಿತ್ತೋ, ಅದೂ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಎದುರಿಗಿದ್ದರೂ ನಾನು ಒಮ್ಮೆಯೂ ಅವುಗಳನ್ನು ಮುಟ್ಟಿ ನೋಡಿರಲಿಲ್ಲ.